ಸಪೋರ್ಟ್ ನಿಂತಿತು ಅನ್ನುವ ಮೊದಲು ನಾನು ಎಣಿಸಿದ್ದು

ಇಳಿಯುವ ಬೆಲೆ ಇಲ್ಲಿ ನಿಲ್ಲುತ್ತದೆ ಅಂತ ಬೆಲೆಯ ಚಾರ್ಟಿನಲ್ಲಿ ನಾನು ಎಳೆಯುವ ಸಪೋರ್ಟ್ ಗೆರೆಗಳ ಮೇಲೆ ನನಗೆ ಬಹಳ ನಂಬಿಕೆಯಿತ್ತು. ಬರೀ ನಂಬಿಕೆಯಲ್ಲ, ಲೆಕ್ಕವೂ ಇತ್ತು. ಬೆಲೆ ನನ್ನ ಗೆರೆಗೆ ಇಳಿದು ಬಂದ 40 ಸಲವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದೆ. ಅದರಲ್ಲಿ 31 ಸಲ ಬೆಲೆ ಮೇಲಕ್ಕೆ ಪುಟಿದಿತ್ತು. ಇಷ್ಟಾದ ಮೇಲೆ ಇನ್ನೇನು ಪುರಾವೆ ಬೇಕು ಅಂದುಕೊಂಡಿದ್ದೆ.

ತಪ್ಪು ಇದ್ದದ್ದು ‘ಪುಟಿಯಿತು’ ಅನ್ನುವ ಮಾತಿನಲ್ಲಿ. ಗೆರೆ 240ರಲ್ಲಿದ್ದರೆ ಬೆಲೆ 242 ಮುಟ್ಟಿದ ಕೂಡಲೇ ಗೆರೆ ಗೆದ್ದಿತೆಂದು ಬರೆದುಕೊಳ್ಳುತ್ತಿದ್ದೆ. ಮುರಿಯಿತು ಅಂತ ಒಪ್ಪಿಕೊಳ್ಳಲು ಮಾತ್ರ ಬೆಲೆ 234ರವರೆಗೆ ಇಳಿಯಬೇಕಿತ್ತು. ಅಂದರೆ ಗೆಲ್ಲಲು 2 ಅಂಕ, ಸೋಲಲು 6 ಅಂಕ. ಈಗ ಗೆರೆಯೇ ಇಲ್ಲ, ಬೆಲೆ ನಾಣ್ಯ ಚಿಮ್ಮಿದ ಹಾಗೆ ಒಂದೊಂದೇ ಹೆಜ್ಜೆ ಮೇಲೆ ಕೆಳಗೆ ಓಲಾಡುತ್ತಿದೆ ಅಂದುಕೊಳ್ಳಿ. ಆಗಲೂ 240ರಿಂದ ಹೊರಟ ಬೆಲೆ 234ಕ್ಕೆ ಮೊದಲು 242 ಮುಟ್ಟುವ ಸಾಧ್ಯತೆ 8ರಲ್ಲಿ 6, ಅಂದರೆ ಶೇಕಡಾ 75. 40 ಸಲಕ್ಕೆ 30. ನನ್ನ ಗೆರೆಗಳು ಸುಮ್ಮನೆ ಸಿಗುವುದಕ್ಕಿಂತ ಹೆಚ್ಚಾಗಿ ಕೊಟ್ಟಿದ್ದು ಒಂದೇ ಒಂದು. ದುಡ್ಡಿನಲ್ಲಿ ನೋಡಿದರೆ 31 ಗೆಲುವಿಗೆ 62 ಅಂಕ ಬಂತು, 9 ಸೋಲಿಗೆ 54 ಹೋಯಿತು. ಉಳಿದ 8 ಅಂಕ 40 ವಹಿವಾಟಿನ ಖರ್ಚಿಗೂ ಸಾಲದು.

ಹಾಗಾದರೆ ಸಪೋರ್ಟ್ ಎಂಬ ಮಾತು ನಿಜಕ್ಕೂ ಏನು ಹೇಳುತ್ತದೆ? ಬೆಲೆ ಇಲ್ಲಿಂದ ಕೆಳಗೆ ಹೋಗುವುದಿಲ್ಲ ಅಂತ ಅಲ್ಲ. ಈ ಬೆಲೆಯ ಸುತ್ತ ಕೊಳ್ಳುವವರ ಆರ್ಡರ್‌ಗಳು ಬೇರೆ ಕಡೆಗಿಂತ ಹೆಚ್ಚಿವೆ, ಆದ್ದರಿಂದ ಯಾವುದೋ ಒಂದು ಬೆಲೆಗಿಂತ ಇಲ್ಲಿ ಇಳಿತ ನಿಲ್ಲುವ ಸಂಭವ ಹೆಚ್ಚು ಅಂತ. ರೆಸಿಸ್ಟೆನ್ಸ್ ಇದನ್ನೇ ಮಾರುವವರ ಬಗ್ಗೆ ಹೇಳುತ್ತದೆ. ‘ಯಾವುದೋ ಒಂದು ಬೆಲೆಗಿಂತ’ ಅನ್ನುವ ಭಾಗವನ್ನು ಬಿಟ್ಟುಬಿಟ್ಟರೆ ಆ ಮಾತನ್ನು ಪರೀಕ್ಷಿಸುವ ದಾರಿಯೇ ಇಲ್ಲ.

ಹೀಗಾಗಿ ಎಣಿಕೆಯನ್ನು ಮೊದಲಿನಿಂದ ಶುರುಮಾಡಿದೆ. ಗೆಲುವಿಗೂ ಸೋಲಿಗೂ ಸಮ ದೂರ ಇಟ್ಟೆ: ಮೇಲೆ 4, ಕೆಳಗೆ 4. ಚಾರ್ಟಿನ ಬಲಭಾಗವನ್ನು ಮುಚ್ಚಿ, ಒಂದೊಂದು ಅವಧಿಯ ಬೆಲೆ ತೋರಿಸುವ ಕ್ಯಾಂಡಲ್‌ಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದೆ. ಹೆಚ್ಚುಕಡಿಮೆ ಒಂದೇ ಬೆಲೆಯಲ್ಲಿ ಎರಡು ತಳಗಳು ಕಂಡ ಮೇಲೆಯೇ ಗೆರೆ ಎಳೆದು, ಮೂರನೆಯ ಸಲ ಮುಟ್ಟಿದ್ದರಿಂದ ಎಣಿಸಿದೆ. ಗೆರೆಯನ್ನು ಹುಟ್ಟಿಸಿದ ಆ ಎರಡು ತಳಗಳನ್ನೇ ಅದರ ಗೆಲುವಿಗೆ ಸೇರಿಸುವುದು ತೀರಾ ಸುಲಭವಾಗಿ ಆಗುವ ತಪ್ಪು. ಅವು ಪುಟಿದಿದ್ದವು ಅಂತಲೇ ಅಲ್ಲವೇ ಗೆರೆ ಅಲ್ಲಿ ಬಂದದ್ದು?

ಕ್ಯಾಂಡಲ್ ಏನನ್ನು ಹೇಳುವುದಿಲ್ಲ ಅನ್ನುವುದು ನನಗೆ ಹೊಳೆದದ್ದು ಈ ಎಣಿಕೆಯ ನಡುವೆ. ಒಂದು ದಿನದ ಕ್ಯಾಂಡಲ್ 241ರಲ್ಲಿ ತೆರೆದು, 245ರ ತುದಿ ಮುಟ್ಟಿ, 235ರ ತಳ ಮುಟ್ಟಿ, 242ರಲ್ಲಿ ಮುಗಿದಿತ್ತು. ತೆರೆದ ಬೆಲೆಯಿಂದ ಮುಗಿದ ಬೆಲೆಯವರೆಗೆ ಚಿಕ್ಕ ಹಸಿರು ಬಾಡಿ, ಅದರ ಕೆಳಗೆ ತಳದವರೆಗೆ ಉದ್ದನೆಯ ವಿಕ್. ನೋಡಿದವರು ಕೊಳ್ಳುವವರು ಗೆದ್ದರು ಅಂದಾರು. ಆದರೆ 240ರ ಗೆರೆಗೆ ಗೆಲುವಿನ 244 ಮೊದಲು ಬಂತೋ, ಸೋಲಿನ 236 ಮೊದಲು ಬಂತೋ? ಕ್ಯಾಂಡಲ್‌ನಲ್ಲಿರುವುದು ನಾಲ್ಕೇ ಬೆಲೆ. ತುದಿ ಮತ್ತು ತಳದಲ್ಲಿ ಯಾವುದು ಮುಂಚೆ ಎಂಬುದು ಅದರೊಳಗೆ ಇಲ್ಲ. 15 ನಿಮಿಷದ ಚಾರ್ಟ್ ತೆರೆದೆ. 241ರಿಂದ ನೇರ 235ಕ್ಕೆ ಕುಸಿದು, ಮಧ್ಯಾಹ್ನದ ನಂತರ ಏರಿತ್ತು. ನನ್ನ ನಿಯಮದ ಪ್ರಕಾರ ಅದು ಸೋಲು. ಆ ಹೊತ್ತಿನಲ್ಲಿ ಪರದೆಯ ಮೇಲೆ ಇದ್ದದ್ದು ಉದ್ದ ಕೆಂಪು ಬಾಡಿ. ಕೆಳಗೆ ಉದ್ದ ವಿಕ್ ಇರುವ ಆ ಆಕಾರ ಕಂಡದ್ದು ದಿನ ಮುಗಿದ ಮೇಲೆ.

ಹೊಸ ಎಣಿಕೆಯಲ್ಲಿ 40ಕ್ಕೆ 22 ಗೆಲುವು. ಅದೇ ಚಾರ್ಟುಗಳಲ್ಲಿ ಗೆರೆಗಳನ್ನು ಕಣ್ಣುಮುಚ್ಚಿ ಬೇರೆ ಬೆಲೆಗೆ ಸರಿಸಿ ಎಣಿಸಿದಾಗ 21. ಇಷ್ಟರಿಂದ ಸಪೋರ್ಟ್ ಸುಳ್ಳು ಅಂತಲೂ ಹೇಳಲಾಗದು. 40 ಸಲ ನಾಣ್ಯ ಚಿಮ್ಮಿದರೆ 20ರಿಂದ 3 ಅತ್ತ ಇತ್ತ ಆಗುವುದು ತೀರಾ ಸಹಜ, ಆ ಗದ್ದಲದಲ್ಲಿ ಸಣ್ಣ ನಿಜವೊಂದು ಅಡಗಿದ್ದರೂ ಕಾಣುವುದಿಲ್ಲ. 2000ನೇ ಇಸವಿಯಲ್ಲಿ ಕ್ಯಾರಲ್ ಆಸ್ಲರ್ ಎಂಬ ಅರ್ಥಶಾಸ್ತ್ರಜ್ಞೆ ಕರೆನ್ಸಿ ಮಾರುಕಟ್ಟೆಯಲ್ಲಿ ಇದೇ ರೀತಿ ಹೋಲಿಸಿದ್ದರು, ನನಗಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ. ಸಂಸ್ಥೆಗಳು ಮೊದಲೇ ಪ್ರಕಟಿಸಿದ ಮಟ್ಟಗಳಲ್ಲಿ ಬೆಲೆ ತಿರುಗಿದ್ದು ಮನಬಂದಂತೆ ಆರಿಸಿದ ಮಟ್ಟಗಳಿಗಿಂತ ಹೆಚ್ಚು ಸಲವೇ. ಆದರೆ ಆ ಮನಬಂದ ಮಟ್ಟಗಳಲ್ಲೂ ಅರ್ಧಕ್ಕಿಂತ ಹೆಚ್ಚು ಸಲ ತಿರುಗಿತ್ತು. ಲಾಭ ಕಾಯ್ದಿರಿಸುವ ಆರ್ಡರ್‌ಗಳು ದುಂಡು ಸಂಖ್ಯೆಗಳ ಮೇಲೆ, ನಷ್ಟ ಬೆಳೆಯದಂತೆ ಇಟ್ಟ ಸ್ಟಾಪ್ ಲಾಸ್ ಆರ್ಡರ್‌ಗಳು ಅವುಗಳ ಸ್ವಲ್ಪ ಆಚೆ ಗುಂಪುಗೂಡುತ್ತವೆ ಅನ್ನುವುದನ್ನೂ ಅವರು ಆಮೇಲೆ ತೋರಿಸಿದರು. ಗೆರೆ ದಾಟಿದ ಬೆಲೆ ಆ ಸ್ಟಾಪ್ ಲಾಸ್‌ಗಳನ್ನು ಒಟ್ಟಿಗೆ ಎಬ್ಬಿಸಿ ಕೆಲವೊಮ್ಮೆ ಸರಕ್ಕನೆ ಜಾರುವುದು ಯಾಕೆ ಎಂದು ನನಗೆ ಅರ್ಥವಾದದ್ದು ಅದರಿಂದ.

ಈಗಲೂ ಗೆರೆ ಎಳೆಯುತ್ತೇನೆ, 240 ಎಂದು ಅಲ್ಲ, 238ರಿಂದ 241ರ ಪಟ್ಟಿಯಾಗಿ. ಅದರ ಪಕ್ಕದಲ್ಲಿ ಗೆಲುವಿನ ದೂರ, ಸೋಲಿನ ದೂರ, ಗೆರೆಯೇ ಇಲ್ಲದಿದ್ದರೂ ಸಿಗುವ ಶೇಕಡಾವಾರು, ಈ ಮೂರನ್ನೂ ಬೆಲೆ ಅಲ್ಲಿಗೆ ಬರುವ ಮೊದಲೇ ಬರೆದಿಡುತ್ತೇನೆ.