ಕೆಳಗಿಳಿಯುತ್ತಿದ್ದ ಸ್ಟಾಪ್: ಸೂಪರ್‌ಟ್ರೆಂಡ್ ನಾನೇ ಬರೆದಾಗ

ಬೆಲೆಯ ಟ್ರೆಂಡ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತೋರಿಸುವ, ಷೇರು ಚಾರ್ಟಿನಲ್ಲಿ ಸಿದ್ಧವಾಗಿ ಸಿಗುವ ಸೂಪರ್‌ಟ್ರೆಂಡ್ ಗೆರೆಯ ಒಳಗೆ ಏನು ನಡೆಯುತ್ತದೆಂದು ತಿಳಿಯಲು ಅದನ್ನು ನಾನೇ ಪೈಥಾನ್‌ನಲ್ಲಿ ಬರೆದೆ. ಸೂತ್ರ ಸುಲಭ ಅನ್ನಿಸಿತ್ತು. ಕ್ಯಾಂಡಲ್‌ನ ಹೈ ಮತ್ತು ಲೋ ನಡುವಿನ ಬಿಂದು ತಗೊಂಡು, ಅದಕ್ಕೆ ಎಟಿಆರ್‌ನ, ಅಂದರೆ ಬೆಲೆ ಸರಾಸರಿ ಎಷ್ಟು ಓಡಾಡುತ್ತದೆ ಎಂಬ ಅಳತೆಯ, ಮೂರು ಪಟ್ಟು ಕೂಡಿಸಿದರೆ ಮೇಲಿನ ಬ್ಯಾಂಡ್, ಕಳೆದರೆ ಕೆಳಗಿನದು. ಕ್ಲೋಸ್ ಕೆಳಗಿನ ಬ್ಯಾಂಡಿಗಿಂತ ಇಳಿದರೆ ಟ್ರೆಂಡ್ ತಿರುಗಿತು. ಇಷ್ಟನ್ನೇ ಬರೆದು ಓಡಿಸಿದೆ. ಬೆಲೆ ಜೋರಾಗಿ ಬಿದ್ದ ದಿನಗಳಲ್ಲೇ ನನ್ನ ಗೆರೆ ತಿರುವು ತೋರಿಸದೆ ಸುಮ್ಮನಿತ್ತು.

ಮೂರು ಕ್ಯಾಂಡಲ್ ಕಾಗದದ ಮೇಲೆ ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಎಟಿಆರ್‌ನ ಸರಾಸರಿ ಅವಧಿ 10. ಮೊದಲನೆಯದರ ಹೈ 104, ಲೋ 102, ಕ್ಲೋಸ್ 103, ಎಟಿಆರ್ 2. ಕೆಳಗಿನ ಬ್ಯಾಂಡ್ 97. ಎರಡನೆಯದು 106ರಿಂದ 100ರವರೆಗೆ ಓಡಾಡಿ 105ಕ್ಕೆ ಮುಗಿಯಿತು. ಎಟಿಆರ್ 2.4 ಆಯಿತು, ಬ್ಯಾಂಡ್ 95.8ಕ್ಕೆ ಜಾರಿತು. ಮೂರನೆಯದರ ಹೈ 105, ಲೋ 96, ಕ್ಲೋಸ್ 96.5. ಎಟಿಆರ್ 3.06ಕ್ಕೆ ಏರಿ ಬ್ಯಾಂಡ್ 91.32ಕ್ಕೆ ಇಳಿಯಿತು. ಅಂದರೆ ಬೀಳುವ ಬೆಲೆಯೇ ಎಟಿಆರ್ ಹಿಗ್ಗಿಸಿ, ನಾನು ಹೊರಬೀಳಬೇಕಾದ ಬೆಲೆಯಾದ ಸ್ಟಾಪನ್ನು, ಅಂದರೆ ಕೆಳಗಿನ ಬ್ಯಾಂಡನ್ನು, ತನ್ನ ಮುಂದಿನಿಂದ ದೂರ ತಳ್ಳುತ್ತಿತ್ತು.

ಸೂಪರ್‌ಟ್ರೆಂಡ್‌ನ ಜೀವ ಇರುವುದು ಇದನ್ನು ತಡೆಯುವ ನಿಯಮದಲ್ಲಿ. ಏರುವಾಗ ಕೆಳಗಿನ ಗೆರೆ ಮೇಲಕ್ಕೆ ಹೋಗಬಹುದು, ಇಳಿಯುವಂತಿಲ್ಲ:

```python
if lb[i] > fl[i-1] or c[i-1] < fl[i-1]:
    fl[i] = lb[i]
else:
    fl[i] = fl[i-1]
```

`lb` ಆ ದಿನದ ಕಚ್ಚಾ ಬ್ಯಾಂಡ್, `fl` ಅಂತಿಮ ಗೆರೆ, `c` ಕ್ಲೋಸ್. ಹಿಂದಿನ ಕ್ಲೋಸ್ ಗೆರೆಯನ್ನು ಮುರಿದಿದ್ದರೆ ಮಾತ್ರ ಹಿಡಿತ ಸಡಿಲವಾಗುತ್ತದೆ. ಈಗ ಗೆರೆ 97ರಲ್ಲೇ ನಿಂತಿತು, 96.5ರ ಕ್ಲೋಸ್ ಅದನ್ನು ಮುರಿಯಿತು, ಟ್ರೆಂಡ್ ತಿರುಗಿತು. ಮೇಲಿನ ಬ್ಯಾಂಡಿಗೆ ಇದೇ ನಿಯಮ ತಿರುಗುಮುರುಗು. ಮೊದಲ ಕ್ಯಾಂಡಲ್‌ನಿಂದ ಲೆಕ್ಕ ಶುರು ಮಾಡಿದರೆ ಅದು 109ರಲ್ಲಿ ನಿಂತಿದೆ. ಹಾಗಾಗಿ ತಿರುಗಿದ ಕ್ಷಣ ಗೆರೆ 97ರಿಂದ 109ಕ್ಕೆ ಹಾರುತ್ತದೆ. ಆಗ ಬೆಲೆ ಇನ್ನೂ ಬೀಳುತ್ತದೆಂದು ಮೊದಲೇ ಮಾರಿ ಶಾರ್ಟ್ ಹೋದವರ ಸ್ಟಾಪ್ 12.5 ಅಂಕ ದೂರ. ಎಷ್ಟು ಕೊಳ್ಳಬೇಕು, ಎಷ್ಟು ಮಾರಬೇಕು ಎಂಬುದನ್ನು ಈ ದೂರ ನೋಡಿಯೇ ನಾನು ನಿರ್ಧರಿಸುತ್ತೇನೆ.

ಇನ್ನೊಂದು ತಪ್ಪು ನನ್ನ ಒಂದು ಸಂಜೆಯನ್ನೇ ನುಂಗಿತು. ಮೊದಲ ಕೆಲವು ದಿನ ಎಟಿಆರ್ ಇರುವುದಿಲ್ಲ, `NaN` ಇರುತ್ತದೆ. ಸಂಖ್ಯೆಯೇ ಅಲ್ಲದ ಈ `NaN` ಜೊತೆ ಹೆಚ್ಚೋ ಕಡಿಮೆಯೋ ಎಂದು ನೋಡುವ ಹೋಲಿಕೆ ಯಾವಾಗಲೂ ಸುಳ್ಳು, ಆದ್ದರಿಂದ `else` ಆ `NaN` ಅನ್ನೇ ಕೊನೆಯವರೆಗೂ ಹೊತ್ತೊಯ್ಯುತ್ತದೆ. ಎಟಿಆರ್ ಸಿಕ್ಕ ಮೊದಲ ಕ್ಯಾಂಡಲ್‌ನಲ್ಲಿ ಕಚ್ಚಾ ಬ್ಯಾಂಡನ್ನೇ ಗೆರೆಯಾಗಿ ಇಟ್ಟರೆ ಸರಿಹೋಗುತ್ತದೆ.

ಹಿಂದಿನ ದತ್ತಾಂಶದ ಮೇಲೆ ಪರೀಕ್ಷಿಸುವಾಗ ನಾನು 97ಕ್ಕೇ ಮಾರಿದಂತೆ ಲೆಕ್ಕ ಹಿಡಿಯುತ್ತಿದ್ದೆ. ಆದರೆ ತಿರುವು ಗೊತ್ತಾಗುವುದು ಕ್ಲೋಸ್ ಆದ ಮೇಲೆ, ಅಷ್ಟರಲ್ಲಿ ಬೆಲೆ 96.5. ಈಗ ಮರುದಿನದ ಓಪನ್ ಬೆಲೆಯನ್ನೇ ಹಾಕುತ್ತೇನೆ.