400 ರೂಪಾಯಿ ಕಟ್ಟುವ ಮೊದಲು: ಎಸ್ಸೆಸ್ಸೆಲ್ಸಿ ಮರುಮೌಲ್ಯಮಾಪನದಲ್ಲಿ ನನ್ನ ಅನುಭವ

“ಎಸ್ಸೆಸ್ಸೆಲ್ಸಿಗೆ ರೀವ್ಯಾಲ್ಯುವೇಶನ್ ಹಾಕುವುದೆಂದರೆ ದುಡ್ಡು ಹೊಳೆಗೆ ಹಾಕಿದ ಹಾಗೆ ಮಾಷ್ಟ್ರೇ” ಎಂದು ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಟ್ಯೂಷನ್ ನಡೆಸುವ ನನ್ನ ಸ್ನೇಹಿತರೆಲ್ಲ ಹೇಳುತ್ತಿದ್ದರು. ಅವರು ಹೇಳುವುದರಲ್ಲಿ ಹುರುಳಿಲ್ಲ ಎನ್ನಲಾರೆ. ಗಡಿಯಾಚೆ ಮಂಗಳೂರಿನ ಮಕ್ಕಳಿಗೆ ಅಂಕಪಟ್ಟಿಯಲ್ಲಿ ಅಂಕ ಕಾಣುತ್ತದೆ, ಒಂದು ಅಂಕ ಏರಿದರೂ ಒಟ್ಟು ಮೊತ್ತ ಏರುತ್ತದೆ. ಕೇರಳದಲ್ಲಿ ಓದುವ ನಮ್ಮ ಮಕ್ಕಳಿಗೆ ಫಲಿತಾಂಶದಲ್ಲಿ ಸಿಗುವುದು ಗ್ರೇಡ್ ಮಾತ್ರ. 80ರಿಂದ 89ರವರೆಗೆ ಎ, 90 ಮತ್ತು ಮೇಲೆ ಎ ಪ್ಲಸ್. 82 ಇದ್ದದ್ದು 87 ಆದರೂ ಎ ಎಯಾಗಿಯೇ ಉಳಿಯುತ್ತದೆ, ಕಟ್ಟಿದ ಹಣ ಹೋಗುತ್ತದೆ.

ಆದರೆ ಈ ವರ್ಷ ನನ್ನಲ್ಲಿಗೆ ಬರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಹಾಕಿಸಿದ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೆದ್ದವು. ನನ್ನನ್ನು ಛೇಡಿಸುತ್ತಿದ್ದ ಇಬ್ಬರು ಟೀಚರ್‌ಗಳು ಈಗ ಲೆಕ್ಕ ಹೇಗೆ ಹಾಕುವುದೆಂದು ಫೋನ್ ಮಾಡಿ ಕೇಳುತ್ತಿದ್ದಾರೆ. ಅವರಿಗಾಗಿಯೇ ಬರೆಯುತ್ತಿದ್ದೇನೆ.

ನಮಗಿರುವ ತೊಡಕು ಏನೆಂದು ನಿಮಗೆಲ್ಲ ಗೊತ್ತು. ಫಲಿತಾಂಶ ಬಂದ ಮೇಲೆ ಅರ್ಜಿಗೆ ಸಿಗುವುದು ಐದಾರು ದಿನ. ಮರುಮೌಲ್ಯಮಾಪನಕ್ಕೆ ವಿಷಯವೊಂದಕ್ಕೆ 400, ಉತ್ತರಪತ್ರಿಕೆಯ ನಕಲಿಗೆ 200, ಅಂಕ ಕೂಡಿಸಿದ್ದು ಸರಿಯೇ, ಏನಾದರೂ ಬಿಟ್ಟುಹೋಗಿದೆಯೇ ಎಂದಷ್ಟೇ ನೋಡುವ ಸ್ಕ್ರೂಟಿನಿಗೆ 50. ಮೂರಕ್ಕೂ ಗಡುವು ಒಂದೇ. ನಕಲು ಕೈಗೆ ಬಂದ ಮೇಲೆ ನೋಡಿ ಹಾಕೋಣ ಎಂದರೆ ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಅಂದರೆ ಮಗುವಿಗೆ ಬಂದ ಎ ಎಂಬುದು 81ರ ಎ ಯೋ 89ರ ಎ ಯೋ ತಿಳಿಯದೆಯೇ ಹಣ ಕಟ್ಟಬೇಕು. ಹೆಚ್ಚಿನವರು ಇಲ್ಲೇ ಸೋಲುತ್ತಾರೆ. “ನನ್ನ ಮಗ ಎಷ್ಟು ಚೆನ್ನಾಗಿ ಬರೆದಿದ್ದ” ಎಂಬ ಸಂಕಟದಲ್ಲಿ, ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರಕ್ಕೆ ಓಡುತ್ತಾರೆ.

ಕೆಲವು ವರ್ಷದ ಹಿಂದೆ ಒಬ್ಬ ತಂದೆ ಹಟ ಹಿಡಿದು ಎಲ್ಲ ವಿಷಯಕ್ಕೂ ಹಾಕಿಸಿದರು. ಐಟಿಗೆ ಮರುಮೌಲ್ಯಮಾಪನ ಇಲ್ಲ, ಉಳಿದದ್ದು ಒಂಬತ್ತು. 3600 ರೂಪಾಯಿ. ಅಡಿಕೆ ಸುಲಿಯಲು ಹೋಗಿ ಸಂಪಾದಿಸಿದ ದುಡ್ಡು ಅದು. ಒಂದೇ ಒಂದು ಗ್ರೇಡೂ ಅಲ್ಲಾಡಲಿಲ್ಲ. ನನ್ನ ಮನಸ್ಸಿಗೆ ಅದು ತುಂಬ ನಾಟಿತು. ಹಾಕಬೇಕಾದ ಒಂದು ವಿಷಯ ಯಾವುದು, ಹಾಕಬಾರದ ಎಂಟು ಯಾವುವು ಎಂದು ಮೊದಲೇ ಹೇಳಲು ಬಂದರೆ ಮಾತ್ರ ಮೇಷ್ಟ್ರು ಎನಿಸಿಕೊಳ್ಳಬೇಕು ಎಂದು ಅಂದೇ ತೀರ್ಮಾನಿಸಿದೆ.

ಹಾಗಾಗಿ ನನ್ನ ಕೆಲಸ ಫಲಿತಾಂಶದ ದಿನ ಅಲ್ಲ, ಮಾರ್ಚಿನಲ್ಲೇ ಶುರು. ಪರೀಕ್ಷೆ ಮುಗಿಸಿ ಬಂದ ಸಂಜೆ ಮಗು ಪ್ರಶ್ನೆಪತ್ರಿಕೆ ಹಿಡಿದು ಕುಳಿತುಕೊಳ್ಳಬೇಕು. ಸಣ್ಣ ಪ್ರಶ್ನೆಗಳಿಗೆ ಏನು ಬರೆದೆ ಎಂದು ಬಾಯಲ್ಲಿ ಹೇಳಿದರೆ ಸಾಕು. ಹೆಚ್ಚು ಅಂಕದ ಮೂರೋ ನಾಲ್ಕೋ ಉತ್ತರಗಳನ್ನು ಮಾತ್ರ ಪುಸ್ತಕ ಮುಟ್ಟದೆ, ಅಲ್ಲಿ ಬರೆದಂತೆಯೇ ಮತ್ತೆ ಬರೆಯಬೇಕು. ಮರುದಿನಕ್ಕೆ ಬಿಟ್ಟರೆ ಕೆಟ್ಟಿತು, ಸ್ನೇಹಿತರ ಉತ್ತರವೆಲ್ಲ ತಲೆಯೊಳಗೆ ಸೇರಿ ತಾನೂ ಹಾಗೇ ಬರೆದೆ ಎಂದು ನಂಬಿಬಿಡುತ್ತಾರೆ. ಇಷ್ಟಾಗಿಯೂ ಉಬ್ಬಿಸಿ ಹೇಳುವ ಮಕ್ಕಳಿರುತ್ತಾರೆ. ಅವರನ್ನು ಕಂಡುಹಿಡಿಯಲು ನಾನು ಕೇಳುವ ಒಂದು ಪ್ರಶ್ನೆ ಇದೆ. ಮಕ್ಕಳು ಇದನ್ನು ಓದುತ್ತಾರೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಆಮೇಲೆ ಅಧ್ಯಾಪಕರ ನಡುವೆ ಓಡಾಡುವ ಉತ್ತರಸೂಚಿ ಸಿಕ್ಕಿದಾಗ ಎರಡು ಸಲ ಅಂಕ ಹಾಕುತ್ತೇನೆ. ಒಂದು ಧಾರಾಳದ ಕೈ, ಇನ್ನೊಂದು ಬಿಗಿ ಕೈ. ಬಿಗಿ ಕೈಯಲ್ಲಿ ಅರ್ಧ ಅಂಕದ ಸಂಶಯ ಬಂದರೂ ಕಡಿಯುವುದೇ. ಅದಕ್ಕೆ ಶಾಲೆಯಲ್ಲಿ ಕೊಟ್ಟ ನಿರಂತರ ಮೌಲ್ಯಮಾಪನದ, ಅಂದರೆ ಸಿಇ ಅಂಕ ಸೇರಿಸುತ್ತೇನೆ. ಸಮಾಜ, ಗಣಿತ, ಇಂಗ್ಲಿಷಿಗೆಲ್ಲ ಬರವಣಿಗೆ 80, ಸಿಇ 20. ಸಿಇ 20 ಇದ್ದ ಮಗುವಿಗೆ ಎ ಪ್ಲಸ್ ಬರಲು ಬರವಣಿಗೆಯಲ್ಲಿ 70 ಬೇಕು, ಸಿಇ 18 ಆದರೆ 72. ನನ್ನ ನಿಯಮ ಇಷ್ಟೇ: ಬಿಗಿ ಕೈಯ ಲೆಕ್ಕವೇ ಮೇಲಿನ ಗ್ರೇಡಿನ ಗೆರೆ ದಾಟಿದ್ದು, ಫಲಿತಾಂಶದಲ್ಲಿ ಮಾತ್ರ ಕೆಳಗಿನ ಗ್ರೇಡ್ ಬಂದಿದ್ದರೆ ಹಾಕು. ಧಾರಾಳದ ಕೈ ಮಾತ್ರ ದಾಟಿದ್ದರೆ ಬೇಡ.

ಈ ವರ್ಷದ ಒಂದು ಪ್ರಕರಣ ಹೇಳುತ್ತೇನೆ. ಹುಡುಗಿಗೆ ಒಂಬತ್ತು ಎ ಪ್ಲಸ್, ಸಮಾಜ ವಿಜ್ಞಾನದಲ್ಲಿ ಮಾತ್ರ ಎ. ನನ್ನ ಪುಸ್ತಕದಲ್ಲಿ ಅವಳ ಸಮಾಜಕ್ಕೆ ಬಿಗಿ ಕೈ 71, ಧಾರಾಳ 74 ಎಂದಿತ್ತು. ಸಿಇ ಪೂರ್ತಿ 20. ಬಿಗಿ ಲೆಕ್ಕದಲ್ಲೇ 91 ಆಗಬೇಕಿದ್ದವಳಿಗೆ ಎ ಬಂತೆಂದರೆ ಬರವಣಿಗೆಯಲ್ಲಿ 69 ಅಥವಾ ಅದಕ್ಕಿಂತ ಕಡಿಮೆ ಬಿದ್ದಿದೆ ಎಂದೇ ಅರ್ಥ. ಹೆಚ್ಚು ಅಂಕದ ಉತ್ತರಗಳಲ್ಲಿ ಅರ್ಧರ್ಧ ಹೋಗಿರಬಹುದು, ಆದರೆ ಅದನ್ನೆಲ್ಲ ಬಿಗಿ ಕೈ ಆಗಲೇ ಕಡಿದಿತ್ತು. ಎಲ್ಲೋ ಒಂದು ಇಡೀ ಉತ್ತರವೇ ಬಿಟ್ಟುಹೋಗಿದೆ ಎಂದು ನನಗೆ ಖಾತ್ರಿಯಾಯಿತು. ಅವಳ ಅಮ್ಮ, “ಮಾಷ್ಟ್ರೇ, ಒಂದು ಎ ಇದ್ದರೆ ಎಂತ ಆಗ್ತದೆ, ಬಿಡಿ” ಎಂದರು. ನಾನು ಬಿಡಲಿಲ್ಲ. ಮರುಮೌಲ್ಯಮಾಪನಕ್ಕೂ ನಕಲಿಗೂ ಒಟ್ಟಿಗೆ ಹಾಕಿಸಿದೆ, 600 ರೂಪಾಯಿ. ಆನ್‌ಲೈನಿನಲ್ಲಿ ತುಂಬಿ, ಪ್ರಿಂಟೌಟು ಮತ್ತು ಹಣ ಹೆಡ್‌ಮಾಷ್ಟ್ರಿಗೆ ಕೊಟ್ಟು, ಅವರು ಅಲ್ಲಿಂದ ದೃಢೀಕರಿಸಿದ್ದನ್ನು ಎದುರಿಗೇ ನಿಂತು ನೋಡಿ ಬಂದೆವು. ಆ ಒಂದು ಕ್ಲಿಕ್ ಆಗದೆ ಅರ್ಜಿ ಬಿದ್ದುಹೋದ ಮಗುವೊಂದು ನನಗೆ ಗೊತ್ತು.

ನಕಲು ಬಂದಾಗ ಮೊದಲ ಪುಟದ ಅಂಕದ ಕೋಷ್ಟಕ ನೋಡಿದೆ. ಒಟ್ಟು 68. ಭೂಪಟದ ಪ್ರಶ್ನೆಯ ಮನೆ ಖಾಲಿ. ಸೊನ್ನೆ ಅಲ್ಲ, ಅಡ್ಡಗೆರೆಯೂ ಅಲ್ಲ, ಏನೂ ಇಲ್ಲ. ಸಮಾಜಕ್ಕೆ ಭಾರತದ ಖಾಲಿ ಭೂಪಟ ಬೇರೆ ಕೊಡುತ್ತಾರಲ್ಲ, ಗುರುತಿಸಿ ಉತ್ತರಪತ್ರಿಕೆಗೆ ಕಟ್ಟಬೇಕು. ಅವಳು ಕಟ್ಟಿದ್ದು ಹೆಚ್ಚುವರಿ ಹಾಳೆಗಳಿಗಿಂತ ಹಿಂದೆ, ಒಂದು ಖಾಲಿ ಪುಟ ಕಳೆದ ಮೇಲೆ. ನಾಲ್ಕು ಗುರುತೂ ಸರಿಯಾದ ಜಾಗದಲ್ಲಿ ಇದ್ದವು, ಆದರೆ ಆ ಹಾಳೆಯಲ್ಲಿ ಮೌಲ್ಯಮಾಪಕರ ಪೆನ್ನಿನ ಒಂದು ಚುಕ್ಕೆಯೂ ಇರಲಿಲ್ಲ. ಖಾಲಿ ಪುಟ ಕಂಡಲ್ಲಿಗೆ ಮುಗಿಯಿತು ಎಂದು ಮಡಚಿದ್ದಾರೆ. ನಾಲ್ಕು ಅಂಕ ಸೇರಿದರೆ 72, ಸಿಇ ಜತೆ 92. ಜೂನಿನಲ್ಲಿ ಪರಿಷ್ಕೃತ ಫಲಿತಾಂಶ ಬಂದಾಗ ಎ ಪ್ಲಸ್ ಇತ್ತು. ಗ್ರೇಡ್ ಏರಿದರೆ ಮರುಮೌಲ್ಯಮಾಪನದ ಶುಲ್ಕ ವಾಪಸು, ಆದ್ದರಿಂದ ಅವರಿಗೆ ಕೈಯಿಂದ ಹೋದದ್ದು ನಕಲಿನ 200 ಮಾತ್ರ.

ಇಂಥದ್ದಕ್ಕೆ 50 ರೂಪಾಯಿಯ ಸ್ಕ್ರೂಟಿನಿ ಸಾಕಲ್ಲ ಎಂದು ಯಾರಾದರೂ ಕೇಳಬಹುದು. ಬಿಟ್ಟುಹೋದ ಉತ್ತರ, ಕೂಡಿಸಿದ ತಪ್ಪು, ಒಳಗಿನ ಅಂಕ ಮೊದಲ ಪುಟಕ್ಕೆ ಏರದಿರುವುದು ಇಷ್ಟೇ ಆದರೆ ಸಾಕು. ಆದರೆ ತಪ್ಪು ಅದೇ ಎಂದು ನಕಲು ಕಾಣದೆ ಹೇಗೆ ಗೊತ್ತಾಗಬೇಕು? ಮರುಮೌಲ್ಯಮಾಪನಕ್ಕೆ ಹಾಕಿದರೆ ಇದೆಲ್ಲ ಅದರೊಳಗೇ ನೋಡುತ್ತಾರೆ, ಎರಡಕ್ಕೂ ಬೇರೆ ಬೇರೆ ಹಾಕುವ ಅಗತ್ಯವಿಲ್ಲ. ಬಡ ಮಕ್ಕಳಿಗೆ, ಬಿಗಿ ಕೈಯ ಲೆಕ್ಕ ಗೆರೆಯಿಂದ ತುಂಬ ಮೇಲಿದ್ದರೆ, ನಾನು ಸ್ಕ್ರೂಟಿನಿ ಮಾತ್ರ ಹಾಕಿಸಿದ್ದೂ ಇದೆ. ಮೇಲೆ ಇದ್ದಷ್ಟೂ ಕಾರಣ ‘ಬಿಟ್ಟುಹೋದದ್ದು’ ಆಗಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ವಿಚಾರ ಹೆಚ್ಚಿನ ಟ್ಯೂಷನ್ ಮಾಷ್ಟ್ರುಗಳ ತಲೆಗೆ ಹೋಗಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ತಲಾ 50ರ ವಿಷಯಗಳು, ಬರವಣಿಗೆ 40, ಸಿಇ 10. ಅಲ್ಲಿ ಎ ಗ್ರೇಡಿನ ಅಗಲ 40ರಿಂದ 44, ಬರೀ ಐದು ಅಂಕ. 100ರ ವಿಷಯದಲ್ಲಿ ಹತ್ತು ಅಂಕದ ಅಗಲ. ಮರುಮೌಲ್ಯಮಾಪನದಲ್ಲಿ ಏರುವುದು ಸಾಮಾನ್ಯವಾಗಿ ಒಂದೋ ಎರಡೋ ಅಂಕ, ಸಣ್ಣ ವಿಷಯದಲ್ಲಿ ಅಷ್ಟಕ್ಕೇ ಗೆರೆ ದಾಟುವುದು ಸುಲಭ. ಶುಲ್ಕ ಮಾತ್ರ ಎರಡಕ್ಕೂ ಅದೇ 400. ಆದ್ದರಿಂದ ಸಂಶಯ ಸಮಸಮ ಇದ್ದಾಗ ನಾನು ಜೀವಶಾಸ್ತ್ರಕ್ಕೆ ಹಾಕಿಸುತ್ತೇನೆ, ಇಂಗ್ಲಿಷಿಗೆ ಇಲ್ಲ.

ಭಾಷೆಯ ವಿಷಯಗಳಲ್ಲಿ ಒಂದು ಪ್ರಯೋಗ ಮಾಡಿ ನೋಡಿದೆ. ಹಳೆಯ ಒಂದು ಕನ್ನಡ ಉತ್ತರಪತ್ರಿಕೆಯ ನಕಲಿನಲ್ಲಿ ಅಂಕಗಳ ಮೇಲೆ ಕಾಗದ ಅಂಟಿಸಿ ಮತ್ತೆ ಝೆರಾಕ್ಸ್ ಮಾಡಿಸಿ ಮೂವರು ಅನುಭವಿ ಅಧ್ಯಾಪಕರಿಗೆ ಕೊಟ್ಟೆ. ಸಣ್ಣ ಉತ್ತರಗಳಲ್ಲಿ ಮೂವರೂ ಹೆಚ್ಚು ಕಡಿಮೆ ಒಂದೇ. ಪ್ರಬಂಧದಂಥ ಉದ್ದ ಬರಹದಲ್ಲಿ ಒಬ್ಬರಿಂದ ಒಬ್ಬರಿಗೆ ಒಂದೂವರೆ ಎರಡು ಅಂಕದ ವ್ಯತ್ಯಾಸ. ಆದರೆ ಎಲ್ಲಿ ಒಬ್ಬರು ಹೆಚ್ಚು ಕೊಟ್ಟರೋ ಇನ್ನೊಂದು ಕಡೆ ಅವರೇ ಕಡಿಮೆ ಕೊಟ್ಟಿದ್ದರು, ಒಟ್ಟು ಮೊತ್ತ ಅಲ್ಲಿಗಲ್ಲಿಗೆ. ಹಿಂದಿಗೆ ನಾನು ಹಾಕಿಸಿದ ಅರ್ಜಿಗಳು ಸತತವಾಗಿ ಸೋತದ್ದು ಯಾಕೆಂದು ಇದರಿಂದ ಗೊತ್ತಾಯಿತು. “ಪ್ರಬಂಧಕ್ಕೆ ಇನ್ನೂ ಸ್ವಲ್ಪ ಕೊಡಬಹುದಿತ್ತು” ಎಂಬ ಆಸೆಯ ಮೇಲೆ ಅರ್ಜಿ ಹಾಕಿದರೆ ಹಣ ಹೋಗುತ್ತದೆ. ಗಣಿತದಲ್ಲಿ ಹಂತಕ್ಕೆ ಇಷ್ಟೆಂದು ಅಂಕ ನಿಗದಿ ಇರುವುದರಿಂದ, ಒಂದು ಇಡೀ ಲೆಕ್ಕ ಕಣ್ತಪ್ಪಿದ್ದರೆ ಬಿಟ್ಟು ಬೇರೆ ಏರಿಕೆ ನಾನು ಕಂಡದ್ದು ಬಹಳ ಕಡಿಮೆ.

ನಮ್ಮ ಕೈಗೆ ಸಿಗದ ಸಂಗತಿಗಳೂ ಇವೆ. ಸಿಇ ಅಂಕ ಮರುಮೌಲ್ಯಮಾಪನದಲ್ಲಿ ಬದಲಾಗುವುದಿಲ್ಲ, ಅಲ್ಲಿ ನೋಡುವುದು ಉತ್ತರಪತ್ರಿಕೆ ಒಂದನ್ನೇ. 18 ಬಿದ್ದ ಮಗು ಗೆರೆಯಿಂದ ಎರಡು ಅಂಕ ದೂರದಿಂದಲೇ ಓಟ ಶುರುಮಾಡಿದ ಹಾಗೆ. ಅದಕ್ಕೇ ನಾನೀಗ ಶಾಲೆಯಲ್ಲಿ ಸಿಇ ಪಟ್ಟಿ ಹಾಕಿದ ದಿನವೇ ಮಕ್ಕಳಿಗೆ ಬರೆದುಕೊಂಡು ಬರಲು ಹೇಳುತ್ತೇನೆ. ಅಂಕ ಮೇಲಕ್ಕೆ ಹೋಗುವ ಮೊದಲು ಕ್ಲಾಸ್ ಟೀಚರ್ ಹತ್ತಿರ ಮಾತಾಡಿದರೆ ಸರಿಯಾಗುತ್ತದೆ, ಆಮೇಲೆ ಯಾರಿಗೆ ಹೇಳಿಯೂ ಪ್ರಯೋಜನವಿಲ್ಲ.

ಪ್ಲಸ್ ವನ್, ಅಂದರೆ ಹನ್ನೊಂದನೇ ತರಗತಿಯ ಸೀಟಿನ ವಿಷಯದಲ್ಲಿಯೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಒಂದೇ ಅರ್ಜಿಯಲ್ಲಿ ಹಲವು ಶಾಲೆಗಳಿಗೆ ಸೀಟು ಕೇಳುವ ಏಕಜಾಲಕ ಪ್ರವೇಶದ ಮೊದಲ ಹಂಚಿಕೆ ಹೆಚ್ಚಾಗಿ ನಡೆಯುವುದು ಹಳೆಯ ಗ್ರೇಡಿನ ಮೇಲೆ. ಸಮಾಜದಲ್ಲಿ ಎ ಪ್ಲಸ್ ಪಡೆದ ಆ ಹುಡುಗಿಗೆ ಹೊಸ ಗ್ರೇಡ್ ಬರುವ ಹೊತ್ತಿಗೆ ಎರಡನೇ ಇಷ್ಟದ ಶಾಲೆಯಲ್ಲಿ ಸೀಟು ಸಿಕ್ಕಿ ತರಗತಿಗೆ ತಯಾರಾಗಿದ್ದಳು. ಸಿಕ್ಕ ಸೀಟಿಗೆ ಸೇರದೆ ಮರುಮೌಲ್ಯಮಾಪನ ಕಾಯುತ್ತೇವೆ ಎಂದು ಯಾರೂ ಕೂರಬಾರದು, ಹಾಗೆ ಕೂತು ಸೀಟೇ ಕಳಕೊಂಡವರಿದ್ದಾರೆ. ಸೇರಿಕೊಂಡು, ಬದಲಾದ ಗ್ರೇಡಿನ ಪ್ರಿಂಟೌಟು ಕೈಯಲ್ಲಿಟ್ಟುಕೊಂಡು, ಶಾಲೆ ಅಥವಾ ಕಾಂಬಿನೇಷನ್ ಬದಲಾವಣೆಗೆ ಅರ್ಜಿ ಕರೆದಾಗ ಹಾಕಿ. ಶುಲ್ಕ ಕಟ್ಟಿದ ರಶೀದಿಯನ್ನೂ ಅದರ ಜತೆಗೇ ಪಿನ್ ಮಾಡಿ ಇಡಿ, ಹಣ ವಾಪಸಿಗೆ ಹೆಡ್‌ಮಾಷ್ಟ್ರ ಹತ್ತಿರ ಹೋದಾಗ ಮೊದಲು ಕೇಳುವುದು ಅದನ್ನೇ.