ಬೋರ್ಡಲ್ಲಿ ‘ಭಾರೀ ರಿಯಾಯಿತಿ’ ಬೇಡ, ಮಡಿಕೆ ತೋರಿಸಿ

ಯೂನಿಫಾರ್ಮ್ ಅಂಗಡಿಯವರಿಗೆ ಒಂದು ಮಾತು. ಮೇ ಕೊನೇ ವಾರ ಎಲ್ಲರ ಬೋರ್ಡಲ್ಲೂ ‘ಭಾರೀ ರಿಯಾಯಿತಿ’ಯೇ, ಯಾರೂ ಓದಲ್ಲ. ಅಪ್ಪ-ಅಮ್ಮಂದಿರ ಚಿಂತೆ ಬೇರೆ: ದೀಪಾವಳಿ ಹೊತ್ತಿಗೆ ಪ್ಯಾಂಟು ಗಿಡ್ಡ ಆಗುತ್ತಲ್ಲ! ಹೋದ ವರ್ಷ ನಾನು ಬರೆಸಿದ್ದು: ‘ಒಳಗೆ 2 ಇಂಚು ಮಡಿಕೆ ಇದೆ. ಮಗು ಬೆಳೆದರೆ ತನ್ನಿ, ಪುಕ್ಕಟೆ ಬಿಚ್ಚಿ ಹೊಲಿದು ಕೊಡ್ತೀವಿ.’ ಕೌಂಟರ್ ಮೇಲೆ ಒಂದು ಪ್ಯಾಂಟನ್ನ ಒಳಮಗ್ಗುಲು ತಿರುವಿ ನೇತುಹಾಕಿದ್ದೆ. ಬಂದೋರೆಲ್ಲ ಮಡಿಕೆ ಮುಟ್ಟಿ ನೋಡೋರು. ಬಿಚ್ಚಿದ ಮೇಲೆ ಹಳೇ ಗೆರೆ ಕಾಣುತ್ತೆ, ಬಟ್ಟೆ ಬಣ್ಣಾನೂ ಅಲ್ಲಿ ಸ್ವಲ್ಪ ಗಾಢ. ಅದನ್ನ ಮಾರೋವಾಗಲೇ ಹೇಳಿಬಿಡಿ, ಆಮೇಲೆ ಜಗಳ ಇರಲ್ಲ.

ನೋಟ್‌ಬುಕ್ಕಿಗೂ ಹಾಗೇ: ‘ಲಿಸ್ಟ್ ವಾಟ್ಸಾಪ್ ಮಾಡಿ, ಬೈಂಡ್ ಹಾಕಿ ಸಂಜೆಗೆ ಕೊಡ್ತೀವಿ.’ ಅಂಗಡೀಲಿ ಆಳು ಕಮ್ಮಿ ಇದ್ರೆ ‘ನಾಳೆ’ ಅಂತಲೇ ಬರೆಸಿ.